ಕೆಲಸ ಆನ್‌ಲೈನ್, ಕಾನೂನು ಕೂತ ಊರಿನದು

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರ, ವಿಜಯನಗರ ಎಲ್ಲಿಗೆ ಹೋದರೂ ಮಗನೋ ಮಗಳೋ ಹೊರದೇಶದಲ್ಲಿ ಎಂ.ಎಸ್. ಓದುತ್ತಿರುವ ಮನೆಯೊಂದು ಈಗ ಸಿಗುತ್ತದೆ. ಬ್ಯಾಂಕಿನ ಸಾಲ, ಅಪ್ಪನ ಪಿ.ಎಫ್., ಒಂದು ಸೈಟು, ಇಷ್ಟು ಸೇರಿಸಿ ಕಳಿಸಿರುತ್ತಾರೆ. ಅಲ್ಲಿ ಮನೆ ಬಾಡಿಗೆ ಏರಿದಾಗ, ಇಲ್ಲಿ ರೂಪಾಯಿ ಇಳಿದಾಗ, ಮಾತು ಒಂದೇ ಕಡೆಗೆ ಹೊರಳುತ್ತದೆ. ಅಂಗಡಿಯಲ್ಲಿ ನಿಂತು ದುಡಿದರೆ ತಾನೆ ವಾರಕ್ಕೆ ಇಷ್ಟೇ ಗಂಟೆ ಎಂಬ ಲೆಕ್ಕ? ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಆನ್‌ಲೈನ್‌ನಲ್ಲಿ ಮಾಡಿದರೆ ಯಾರು ಕೇಳುತ್ತಾರೆ? ದುಡ್ಡು ಇಂಡಿಯಾದ ಖಾತೆಗೇ ಬಂದರೆ ಅವರಿಗೆ ಹೇಗೆ ಗೊತ್ತಾಗುತ್ತದೆ?

ಈ ಪ್ರಶ್ನೆಗಳಲ್ಲಿ ಕೊನೆಯದಕ್ಕೆ ಉತ್ತರ ಹೇಳುವುದು ನನ್ನ ಕೆಲಸವಲ್ಲ. ಮೊದಲಿನದಕ್ಕೆ ಉತ್ತರ ಇದೆ. ಹೆಚ್ಚಿನ ದೇಶಗಳ ವೀಸಾ ನಿಯಮಕ್ಕೆ ಗಿರಾಕಿ ಎಲ್ಲಿದ್ದಾನೆ, ದುಡ್ಡು ಯಾವ ಬ್ಯಾಂಕಿಗೆ ಬಿತ್ತು ಎಂಬುದು ಎರಡನೆಯ ಮಾತು. ಕೆಲಸ ಮಾಡುವಾಗ ನೀವು ಯಾವ ನೆಲದ ಮೇಲೆ ಕೂತಿದ್ದೀರಿ ಎಂಬುದು ಮೊದಲನೆಯದು. ಅದರ ಜೊತೆಗೇ ಬರುವುದು ಇನ್ನೊಂದು ಪ್ರಶ್ನೆ: ನೀವು ಒಬ್ಬರ ನೌಕರರೋ, ಅಥವಾ ನಿಮ್ಮದೇ ಸ್ವಂತ ಉದ್ಯೋಗವೋ? ಈ ಎರಡು ಗೊತ್ತಾಗದೆ ‘ಆನ್‌ಲೈನ್‌ನಲ್ಲಿ ಹಣ ಗಳಿಸುವ ಹತ್ತು ದಾರಿ’ ಎಂಬ ವಿಡಿಯೋ ನೋಡುವುದು ದಂಡ. ಅದನ್ನು ಮಾಡಿದವರು ತಮ್ಮ ದೇಶದಲ್ಲೇ ಕೂತು, ಯಾವ ಷರತ್ತೂ ಇಲ್ಲದೆ ದುಡಿಯುವವರು.

ನಮ್ಮೂರಿನ ಕಡೆಯಿಂದಲೇ ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಮಾನಸಗಂಗೋತ್ರಿಯಲ್ಲಿ ಹೊರದೇಶದ ವಿದ್ಯಾರ್ಥಿಗಳು ವರ್ಷಗಳಿಂದ ಓದುತ್ತಿದ್ದಾರೆ. ಅವರ ಕೈಯಲ್ಲಿರುವ ಭಾರತದ ವಿದ್ಯಾರ್ಥಿ ವೀಸಾ ಓದಿಗೆ ಕೊಟ್ಟದ್ದು, ನೌಕರಿಗೆ ಅಲ್ಲ. ಗೋಕುಲಂಗೆ ಅಷ್ಟಾಂಗ ಯೋಗ ಕಲಿಯಲು ಬರುವವರ ಸ್ಥಿತಿಯೂ ಹಾಗೆಯೇ, ಕಲಿಯಬಹುದು, ಇಲ್ಲಿ ಕೂತು ಸಂಬಳಕ್ಕೆ ಕಲಿಸುವಂತಿಲ್ಲ. ನಮ್ಮ ಮಕ್ಕಳು ಹೋದ ಕಡೆ ವಾರಕ್ಕೆ ಒಂದಿಷ್ಟು ಗಂಟೆಯಾದರೂ ಬಿಟ್ಟಿದ್ದಾರೆ ಎಂಬುದೇ ನಿಜವಾಗಿ ನೋಡಿದರೆ ಉದಾರ ಏರ್ಪಾಡು.

ಬ್ರಿಟನ್ನಿನಿಂದ ಶುರು ಮಾಡೋಣ, ಯಾಕೆಂದರೆ ಎಡವುವವರು ಅಲ್ಲೇ ಹೆಚ್ಚು. ಪದವಿ ಮತ್ತು ಅದಕ್ಕೂ ಮೇಲಿನ ಕೋರ್ಸು ಓದುವವರಿಗೆ ಅಲ್ಲಿ ಪಾಠದ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ. ವಾರ ಎಂದರೆ ಸೋಮವಾರದಿಂದ ಭಾನುವಾರ. ಒಂದು ವಾರ 24 ಗಂಟೆ ಮಾಡಿ ಮುಂದಿನ ವಾರ 16 ಮಾಡಿದರೆ ಸರಾಸರಿ 20 ಆಯಿತಲ್ಲ ಎಂಬ ವಾದ ನಡೆಯುವುದಿಲ್ಲ. ಮೊದಲ ವಾರದ ಷರತ್ತು ಮುರಿದು ಹೋಯಿತು. ಇನ್ನೊಂದು ಗುಂಡಿ ಬೇಸಿಗೆಯಲ್ಲಿದೆ. ಒಂದು ವರ್ಷದ ಮಾಸ್ಟರ್ಸ್ ಮಾಡುವವರು ಜೂನ್‌ನಲ್ಲಿ ತರಗತಿ ಮುಗಿಯಿತು, ಇನ್ನು ರಜೆ, ಎಷ್ಟು ಬೇಕಾದರೂ ದುಡಿಯಬಹುದು ಎಂದುಕೊಳ್ಳುತ್ತಾರೆ. ಆದರೆ ಪ್ರಬಂಧ ಬರೆಯುವ ಆ ತಿಂಗಳುಗಳು ಅವರ ಪಾಲಿಗೆ ರಜೆಯಲ್ಲ, ಓದಿನ ಅವಧಿಯೇ. ಕೋರ್ಸಿನ ಅಧಿಕೃತ ಮುಕ್ತಾಯದ ದಿನದವರೆಗೂ 20 ಗಂಟೆಯ ಮಿತಿ ಜೊತೆಗೇ ಇರುತ್ತದೆ. ಪಕ್ಕದ ರೂಮಿನ ಬಿ.ಎಸ್ಸಿ. ಹುಡುಗ ಅದೇ ಬೇಸಿಗೆಯಲ್ಲಿ ಪೂರ್ತಿ ದಿನ ದುಡಿಯುತ್ತಿರುತ್ತಾನೆ, ಅವನದು ನಿಜವಾದ ರಜೆ. ಅವನನ್ನು ನೋಡಿ ಇವರು ಕೆಡುತ್ತಾರೆ.

ಗಂಟೆಗಿಂತ ದೊಡ್ಡ ಗೋಡೆ ಬೇರೆಯದು. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವಂತೆಯೇ ಇಲ್ಲ. ಎರಡು ಗಂಟೆಯೂ ಇಲ್ಲ, ಹತ್ತು ನಿಮಿಷವೂ ಇಲ್ಲ. ಆನ್‌ಲೈನ್ ಗಳಿಕೆ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದರಲ್ಲಿ ಬಹುಪಾಲು ಇದರೊಳಗೇ ಬಂದು ಬೀಳುತ್ತದೆ. ಅಪ್‌ವರ್ಕ್, ಫೈವರ್‌ನಂಥ ಕಡೆ ಹೆಸರು ನೋಂದಾಯಿಸಿ ಲೋಗೋ ಬರೆದುಕೊಡುವುದು, ಕನ್ನಡದ ಧ್ವನಿ ರೆಕಾರ್ಡ್ ಮಾಡಿ ಕಂಪನಿಗಳಿಗೆ ಕೊಡುವುದು, ಸಬ್‌ಟೈಟಲ್ ಹಾಕುವುದು, ಫೋನಿನಲ್ಲಿ ದುಭಾಷಿಯ ಕೆಲಸ, ಮನೆಪಾಠ, ಜಾಹೀರಾತಿನ ದುಡ್ಡು ಬರುವ ಯೂಟ್ಯೂಬ್ ಚಾನೆಲ್, ಇವೆಲ್ಲವೂ ಸಾಮಾನ್ಯವಾಗಿ ಸ್ವತಂತ್ರ ಗುತ್ತಿಗೆದಾರರ ಲೆಕ್ಕದಲ್ಲಿ ನಡೆಯುವ ಕೆಲಸಗಳು. ಒಪ್ಪಂದದ ಮೊದಲ ಪುಟದಲ್ಲೇ ‘ನೀವು ನಮ್ಮ ನೌಕರರಲ್ಲ’ ಎಂದು ಬರೆದಿರುತ್ತದೆ. ನಾವು ಓದದೆ ಒಪ್ಪಿಗೆ ಗುಂಡಿ ಒತ್ತುವ ಆ ಸಾಲು ವೀಸಾದ ಷರತ್ತಿಗೆ ನೇರವಾಗಿ ಎದುರು ನಿಲ್ಲುತ್ತದೆ. ಸೈಕಲ್ಲಿನಲ್ಲಿ ಊಟ ತಲುಪಿಸುವ ಆ್ಯಪ್‌ಗಳ ಕೆಲಸವೂ ಇದೇ ಕಾರಣಕ್ಕೆ ಅಲ್ಲಿ ವಿದ್ಯಾರ್ಥಿಗಳಿಗೆ ನಿಷಿದ್ಧ. ಗೋಕುಲಂನಲ್ಲಿ ಕಲಿತು ಲಂಡನ್ನಿಗೆ ಹೋದ ಹುಡುಗ ಜೂಮ್‌ನಲ್ಲಿ ಯೋಗ ಕಲಿಸಿ ದುಡ್ಡು ಪಡೆದರೂ ಅದು ಸ್ವಂತ ಉದ್ಯೋಗವೇ. ವೀಣೆ ಕಲಿತವಳು ಆನ್‌ಲೈನ್ ಕಚೇರಿ ಕೊಟ್ಟು ಸಂಭಾವನೆ ಪಡೆದರೆ ಇನ್ನೊಂದು ನಿಷೇಧವೂ ಸೇರಿಕೊಳ್ಳುತ್ತದೆ, ಆ ವೀಸಾದಲ್ಲಿ ಮನರಂಜನಾ ಕಲಾವಿದರಾಗಿ ದುಡಿಯುವಂತಿಲ್ಲ.

ಇಲ್ಲಿ ಒಂದು ಅರೆಬೆಂದ ಸಲಹೆ ಓಡಾಡುತ್ತದೆ. ಬ್ರಿಟನ್ನಿನಲ್ಲಿ ಸಣ್ಣಪುಟ್ಟ ವ್ಯಾಪಾರದಿಂದ ವರ್ಷಕ್ಕೆ 1,000 ಪೌಂಡ್‌ವರೆಗೆ ಬಂದರೆ ತೆರಿಗೆ ಇಲ್ಲ, ಆದ್ದರಿಂದ ಅಷ್ಟರವರೆಗೆ ಮಾಡಬಹುದು ಎಂದು ಹಿರಿಯ ವಿದ್ಯಾರ್ಥಿಗಳು ಹೇಳಿಕೊಡುತ್ತಾರೆ. ತೆರಿಗೆಯ ವಿನಾಯಿತಿ ನಿಜ. ಆದರೆ ಅದು ತೆರಿಗೆ ಇಲಾಖೆ ಕೊಟ್ಟದ್ದು, ವಲಸೆ ಇಲಾಖೆ ಕೊಟ್ಟದ್ದಲ್ಲ. ಅದಕ್ಕಿಂತ ಹೆಚ್ಚು ಬಂತೆಂದು ಪ್ರಾಮಾಣಿಕವಾಗಿ ಸ್ವಂತ ಉದ್ಯೋಗಿ ಎಂದು ನೋಂದಾಯಿಸಿಕೊಳ್ಳಲು ಹೋದವರು ತಾವೇ ತಮ್ಮ ವಿರುದ್ಧ ಸಾಕ್ಷ್ಯ ಬರೆದುಕೊಟ್ಟಂತೆ ಆಗುತ್ತದೆ.

ಹಾಗಾದರೆ ಅಲ್ಲಿ ಆನ್‌ಲೈನ್‌ನಲ್ಲಿ ದುಡಿಯುವ ದಾರಿಯೇ ಇಲ್ಲವೇ? ಇದೆ, ನೌಕರರಾಗಿ. ಎಲ್ಲರೂ ಮರೆಯುವ ಮಾಲೀಕ ಅವರ ವಿಶ್ವವಿದ್ಯಾಲಯವೇ. ಸೇರಬೇಕೆಂದಿರುವ ಹೊಸ ವಿದ್ಯಾರ್ಥಿಗಳ ಪ್ರಶ್ನೆಗೆ ಚಾಟ್‌ನಲ್ಲಿ ಉತ್ತರಿಸುವವರು, ಅಂಗವೈಕಲ್ಯ ಇರುವ ಸಹಪಾಠಿಗಳಿಗೆ ಟಿಪ್ಪಣಿ ಬರೆದುಕೊಡುವವರು, ರೆಕಾರ್ಡ್ ಆದ ಉಪನ್ಯಾಸದ ಸಬ್‌ಟೈಟಲ್ ತಿದ್ದುವವರು, ಪ್ರಾಧ್ಯಾಪಕರ ಸಂಶೋಧನೆಯ ದತ್ತಾಂಶ ಜೋಡಿಸಿಕೊಡುವವರು ಅಲ್ಲಿ ಬೇಕಾಗುತ್ತಾರೆ. ಇವುಗಳಲ್ಲಿ ಹಲವು ರೂಮಿನಿಂದಲೇ ಆಗುವ ಕೆಲಸ. ಸಂಬಳ ಚೀಟಿ ಬರುತ್ತದೆ, ತೆರಿಗೆ ಅವರೇ ಮುರಿಯುತ್ತಾರೆ, ಗಂಟೆಯ ಲೆಕ್ಕ ವ್ಯವಸ್ಥೆಯಲ್ಲೇ ದಾಖಲಾಗುತ್ತದೆ. ಮಿತಿ ದಾಟಲು ಹೊರಟರೆ ಮೊದಲು ತಡೆಯುವವರೂ ಅವರೇ. ದುಡ್ಡು ಹೆಚ್ಚಲ್ಲ, ಕೆಲಸಗಳೂ ಕಡಿಮೆ, ಅರ್ಜಿ ಹಾಕುವವರು ಬಹಳ. ಸೇರಿದ ಮೊದಲ ವಾರದಲ್ಲೇ ವಿದ್ಯಾರ್ಥಿ ಉದ್ಯೋಗ ಕಚೇರಿಗೆ ಹೋದವರಿಗೆ ಸಿಗುತ್ತದೆ, ದೀಪಾವಳಿ ಕಳೆದ ಮೇಲೆ ಹೋದವರಿಗೆ ಸಿಗುವುದಿಲ್ಲ.

ಮೈಸೂರಿನ ಹಳೆಯ ಕಂಪನಿಗೇ ಕೆಲಸ ಮುಂದುವರಿಸುವ ಆಸೆ ಕೆಲವರಿಗೆ. ಹೆಬ್ಬಾಳದ ಯಾವುದೋ ಸಣ್ಣ ಸಾಫ್ಟ್‌ವೇರ್ ಕಚೇರಿಯವರು ‘ಹೋಗು, ಅಲ್ಲಿಂದಲೇ ವಾರಕ್ಕೆ ಎಂಟು ಗಂಟೆ ನಮಗೂ ಮಾಡು’ ಎಂದು ಪ್ರೀತಿಯಿಂದಲೇ ಹೇಳಿರುತ್ತಾರೆ. ಬ್ರಿಟನ್ನಿನಲ್ಲಿ ಕೂತು ಮಾಡಿದರೆ ಆ ಎಂಟು ಗಂಟೆಯೂ 20ರ ಒಳಗೇ ಸೇರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಅವರು ಹೇಗೆ ಕೊಡುತ್ತಾರೆ ಎಂಬುದು. ಸಣ್ಣ ಕಂಪನಿಗಳು ಪಿ.ಎಫ್., ಇ.ಎಸ್.ಐ. ತಲೆನೋವು ಬೇಡವೆಂದು ಇಂಥವರಿಗೆ ಸಂಬಳ ಕೊಡುವುದಿಲ್ಲ, ‘ಕನ್ಸಲ್ಟೆಂಟ್’ ಎಂದು ಬರೆದು, ವೃತ್ತಿಪರ ಶುಲ್ಕವೆಂದು ತೆರಿಗೆ ಮುರಿದು ಕೊಡುತ್ತವೆ. ಇಲ್ಲಿ ಅದು ಮಾಮೂಲಿ ವ್ಯವಹಾರ. ಅಲ್ಲಿ ಅದೇ ಕಾಗದ ‘ಇವರು ನೌಕರರಲ್ಲ, ಸ್ವಂತ ಉದ್ಯೋಗಿ’ ಎಂದು ಹೇಳುತ್ತದೆ. ಕೆಲಸ ಅದೇ, ದುಡ್ಡೂ ಅದೇ. ಒಪ್ಪಂದದ ಹೆಸರು ಬದಲಾದ ಮಾತ್ರಕ್ಕೆ ಒಂದು ಸಕ್ರಮ, ಇನ್ನೊಂದು ಅಕ್ರಮ. ಹೊರಡುವ ಮೊದಲೇ ಕಂಪನಿಯ ಲೆಕ್ಕಪತ್ರದವರ ಜೊತೆ ಕೂತು ಇದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಅಲ್ಲಿನ ತೆರಿಗೆಯ ಪ್ರಶ್ನೆಯೂ ಹುಟ್ಟುವುದರಿಂದ ಬಹಳಷ್ಟು ಕಂಪನಿಗಳು ಆಗ ಹಿಂಜರಿಯುತ್ತವೆ. ಹಿಂಜರಿದರೆ ತಪ್ಪೇನೂ ಇಲ್ಲ.

ಕೆನಡಾದ ಕಥೆ ಬೇರೆ. ಆನ್‌ಲೈನ್ ಗಳಿಕೆಗೆ ಸ್ವಲ್ಪ ಜಾಗ ಬಿಟ್ಟಿರುವ ದೇಶ ಅದು, ಆದ್ದರಿಂದ ಅಲ್ಲಿಯ ಒಂದು ಲೆಕ್ಕವನ್ನು ಪೂರ್ತಿ ಹಾಕಿ ನೋಡುವುದು ವಾಸಿ. 2024ರ ನವೆಂಬರ್ 8ರಿಂದ ಅಲ್ಲಿ ತರಗತಿ ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 24 ಗಂಟೆ ದುಡಿಯಬಹುದು. ಕ್ಯಾಂಪಸ್ಸಿನ ಒಳಗಿನ ಕೆಲಸಕ್ಕೆ ಈ ಗಂಟೆಯ ಮಿತಿ ಇಲ್ಲ. ಸ್ವಂತ ಉದ್ಯೋಗವನ್ನೂ ಅಲ್ಲಿ ತಡೆದಿಲ್ಲ, ಗಂಟೆ ಲೆಕ್ಕ ಇಟ್ಟುಕೊಳ್ಳಬೇಕು ಅಷ್ಟೆ. ಕೆನಡಾದ ಹೊರಗಿರುವ ಮಾಲೀಕರಿಗೆ ದೂರದಿಂದ ಮಾಡುವ ಕೆಲಸ ಈ 24ರಲ್ಲಿ ಸೇರುವುದಿಲ್ಲ ಎಂದು ಅಲ್ಲಿಯ ವಲಸೆ ಇಲಾಖೆ ಸ್ಪಷ್ಟವಾಗಿ ಹೇಳುತ್ತದೆ, ಓದಿನ ಉಳಿದ ಷರತ್ತುಗಳು ಮುರಿಯದಿದ್ದರೆ ಸಾಕು.

ಈಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಒಂಟಾರಿಯೊಗೆ ಮಾಸ್ಟರ್ಸ್‌ಗೆ ಹೋದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಅವಳಿಗೆ ಹೊಳೆದ ಉಪಾಯ ಕನ್ನಡ ಪಾಠ. ಅಮೆರಿಕ, ಬ್ರಿಟನ್ನಿನ ಕನ್ನಡ ಮನೆಗಳಲ್ಲಿ ಅಜ್ಜಿಯ ಮಾತು ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ ಎಂಬ ಮಕ್ಕಳು ಬಹಳ. ಅಲ್ಲಿಯ ಕನ್ನಡ ಕೂಟಗಳ ಭಾನುವಾರದ ಶಾಲೆಗಳನ್ನು ಹೆಚ್ಚಾಗಿ ಸ್ವಯಂಸೇವಕರು ನಡೆಸುತ್ತಾರೆ. ಅದರ ಜೊತೆಗೆ ಮಗುವನ್ನು ಮಾತಾಡಿಸಿ ಮಾತಾಡಿಸಿ ಕಲಿಸುವವರು ಒಬ್ಬರು ಸಿಕ್ಕರೆ ದುಡ್ಡು ಕೊಡುವ ತಂದೆತಾಯಿ ಇದ್ದಾರೆ.

ಅವಳು ಮೂರು ಮೂರು ಮಕ್ಕಳ ಎರಡು ಗುಂಪು ಮಾಡಿದಳು, ಎಲ್ಲರೂ ಅಮೆರಿಕದವರು ಎಂದಿಟ್ಟುಕೊಳ್ಳಿ. ಪ್ರತಿ ಗುಂಪಿಗೆ ವಾರಕ್ಕೆ ಒಂದು ಗಂಟೆ. ಒಂದು ಮಗುವಿಗೆ ಒಂದು ತರಗತಿಗೆ 12 ಕೆನಡಾ ಡಾಲರ್. ಗುಂಪಿಗೆ 36, ವಾರಕ್ಕೆ 72. ಗಂಟೆಗೆ 36 ಡಾಲರ್ ಬಂತೆಂದು ಮನೆಗೆ ಫೋನ್ ಮಾಡಿ ಹೇಳಿದರೆ ಅಪ್ಪ ಹಿಗ್ಗುತ್ತಾರೆ. ಆದರೆ ಪಾಠ ತಯಾರಿಸಲು ಮೊದಲ ತಿಂಗಳುಗಳಲ್ಲಿ ವಾರಕ್ಕೆ ಎರಡು ಗಂಟೆ ಹಿಡಿಯುತ್ತದೆ. ನಮ್ಮ ಒಂದನೆಯ ತರಗತಿಯ ಪುಸ್ತಕ ‘ರ ಗ ಸ ದ ಅ’ ಎಂದು ಶುರುವಾಗುವುದು ಮನೆಯಲ್ಲಿ ಕನ್ನಡ ಮಾತಾಡಿಕೊಂಡೇ ಶಾಲೆಗೆ ಬಂದ ಮಗುವಿಗೆ. ಅದಕ್ಕೆ ‘ಅಗಸ’, ‘ಸರ’ ಎಂದರೆ ಓದುವುದಷ್ಟೇ ಹೊಸದು. ಕ್ಯಾಲಿಫೋರ್ನಿಯಾದ ಮಗುವಿಗೆ ಪದವೂ ಹೊಸದು, ವಸ್ತುವೂ ಹೊಸದು. ಹಾಗಾಗಿ ಪುಸ್ತಕ ಹಿಡಿದು ಹಾಗೆಯೇ ಓದಿಸಲು ಆಗುವುದಿಲ್ಲ, ಅಡುಗೆಮನೆ, ಬಟ್ಟೆ, ಆಟ ಎಂದು ಮಾತಿನಿಂದ ಶುರು ಮಾಡುವ ಪಾಠಗಳನ್ನು ಅವಳೇ ಕಟ್ಟಬೇಕು. ಮನೆಗೆಲಸ ತಿದ್ದುವುದು, ತಾಯಂದಿರ ವಾಟ್ಸಾಪ್ ಸಂದೇಶಕ್ಕೆ ಉತ್ತರ, ತಪ್ಪಿದ ತರಗತಿಗೆ ಬೇರೆ ಹೊತ್ತು ಹುಡುಕುವುದು, ಇವಕ್ಕೆ ಇನ್ನೊಂದು ಗಂಟೆ. ಒಟ್ಟು ಐದು ಗಂಟೆಗೆ 72 ಡಾಲರ್, ಅಂದರೆ ಗಂಟೆಗೆ 14 ಡಾಲರ್ 40 ಸೆಂಟ್. ಒಂಟಾರಿಯೊದಲ್ಲಿ 2025ರ ಅಕ್ಟೋಬರ್‌ನಿಂದ ಕನಿಷ್ಠ ವೇತನವೇ ಗಂಟೆಗೆ 17 ಡಾಲರ್ 60 ಸೆಂಟ್. ಮೊದಲ ಸೆಮಿಸ್ಟರಿನಲ್ಲಿ ಅವಳ ಆನ್‌ಲೈನ್ ವಿದ್ಯೆಗಿಂತ ಕಾಫಿ ಅಂಗಡಿಯ ಕೌಂಟರೇ ಹೆಚ್ಚು ಕೊಡುತ್ತದೆ.

ಲೆಕ್ಕ ತಿರುಗುವುದು ಎರಡನೆಯ ವರ್ಷ ಅದೇ ಪಾಠ ಹೊಸ ಮಕ್ಕಳಿಗೆ ಹೇಳುವಾಗ. ತಯಾರಿ ಅರ್ಧ ಗಂಟೆಗೆ ಇಳಿಯಿತು, ನಾಲ್ಕು ತರಗತಿಯ ಶುಲ್ಕ ಮುಂಗಡ, ಹಿಂದಿನ ದಿನ ತಿಳಿಸದೆ ತಪ್ಪಿಸಿದರೆ ಶುಲ್ಕ ವಾಪಸಿಲ್ಲ ಎಂದು ಮೊದಲೇ ಹೇಳಿದ್ದರಿಂದ ವಾಟ್ಸಾಪ್ ಪಂಚಾಯಿತಿಯೂ ಅರ್ಧ ಗಂಟೆಗೆ ಇಳಿಯಿತು ಎನ್ನೋಣ. ಆಗ ಮೂರು ಗಂಟೆಗೆ 72, ಗಂಟೆಗೆ 24 ಡಾಲರ್. ಇದು ಕೌಂಟರಿಗಿಂತ ಮೇಲು. ಆದರೂ ತಿಂಗಳಿಗೆ ಸುಮಾರು 310 ಡಾಲರ್ ಮಾತ್ರ. ದಿನಸಿಯ ಖರ್ಚು ನಡೆದೀತು, ಬಾಡಿಗೆ ನಡೆಯುವುದಿಲ್ಲ. ವೀಸಾ ಬಿಟ್ಟಿರುವ 24 ಗಂಟೆಯೂ ಕನಿಷ್ಠ ವೇತನಕ್ಕೆ ನಿಂತರೆ ವಾರಕ್ಕೇ 422 ಡಾಲರ್. ಆನ್‌ಲೈನ್ ಪಾಠವನ್ನು ಸಂಬಳದ ಬದಲು ಎಂದು ನೋಡಿದವರು ಸೋಲುತ್ತಾರೆ. ಹಿಮ ಬೀಳುವ ಜನವರಿಯಲ್ಲಿ ಬಸ್ಸಿಗೆ ಕಾಯದೆ ಸಿಗುವ ಮೂರು ಗಂಟೆಯ ಗಳಿಕೆ ಎಂದು ನೋಡಿದರೆ ಸರಿಹೋಗುತ್ತದೆ.

ಹೊತ್ತಿನ ಹೊಂದಾಣಿಕೆಯನ್ನೂ ಹೇಳಲೇಬೇಕು. ಟೊರಾಂಟೊದಲ್ಲಿ ಶನಿವಾರ ಬೆಳಿಗ್ಗೆ ಹತ್ತು ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಏಳು, ಯಾವ ಮಗುವೂ ಏಳುವುದಿಲ್ಲ. ಲಂಡನ್ನಿನಲ್ಲಿ ಆಗ ಮಧ್ಯಾಹ್ನ ಮೂರು, ಒಳ್ಳೆಯ ಹೊತ್ತು. ಆದರೆ ಮಾರ್ಚ್‌ನಲ್ಲಿ ಗಡಿಯಾರ ಮುಂದಿಡುವಾಗ ಉತ್ತರ ಅಮೆರಿಕ ಎರಡನೆಯ ಭಾನುವಾರ ಇಡುತ್ತದೆ, ಬ್ರಿಟನ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ವ್ಯತ್ಯಾಸ ಐದರ ಬದಲು ನಾಲ್ಕು ಗಂಟೆ. ಆ ವಾರಗಳಲ್ಲಿ ಪಾಠ ತಪ್ಪಿಹೋಗಿ ‘ಟೀಚರ್ ಬರಲೇ ಇಲ್ಲ’ ಎಂಬ ದೂರು ಬರುವುದು ಖಂಡಿತ.

ಇನ್ನು ನಿಯಮದ ಸೂಕ್ಷ್ಮ. ಕೆನಡಾ ಬಿಟ್ಟಿರುವುದು ‘ಹೊರಗಿನ ಮಾಲೀಕರ’ ಕೆಲಸವನ್ನು. ನಮ್ಮ ವಿದ್ಯಾರ್ಥಿನಿಗೆ ಇರುವುದು ಮಾಲೀಕರಲ್ಲ, ಆರು ಮನೆಯ ಗಿರಾಕಿಗಳು. ನಾಳೆ ಅವರಲ್ಲಿ ಒಬ್ಬರು ಕೆನಡಾದ ಬ್ರಾಂಪ್ಟನ್‌ನವರಾದರೆ ಆ ಮಗುವಿನ ಪಾಠದ ಹೊತ್ತು 24 ಗಂಟೆಯ ಒಳಗೇ ಎಣಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ, ಸ್ವಂತವಾಗಿ ಮಾಡುವ ಕೆಲಸವನ್ನು ಒಳಗೆ ಹೊರಗೆ ಎಂದು ಸೀಳದೆ ಎಲ್ಲವನ್ನೂ 24ರ ಒಳಗೇ ಹಿಡಿಸಿಕೊಳ್ಳುವುದು ಕ್ಷೇಮ. ದಿನಾಂಕ, ಶುರುವಾದ ಹೊತ್ತು, ಮುಗಿದ ಹೊತ್ತು, ಮಗು ಇರುವ ಊರು, ಬಂದ ಹಣ ಎಂದು ಐದು ಕಾಲಂಗಳ ಒಂದು ಶೀಟು ಸಾಕು. ಮುಂದೆ ಖಾಯಂ ನಿವಾಸಕ್ಕೆ ಅರ್ಜಿ ಹಾಕುವಾಗ, ಓದಿನ ದಿನಗಳಲ್ಲಿ ಎಷ್ಟು ದುಡಿದಿರಿ ಎಂಬ ಪ್ರಶ್ನೆ ಎದ್ದರೆ ತೋರಿಸಲು ಅದೊಂದೇ ದಾಖಲೆ.

ತೆರಿಗೆಗೆ ಹೆದರಬೇಕಾಗಿಲ್ಲ, ಆದರೆ ಮುಚ್ಚಿಡಲೂ ಆಗದು. ಅಲ್ಲಿ ನೆಲೆಸಿ ಓದುವವರು ತೆರಿಗೆಯ ಮಟ್ಟಿಗೆ ಸಾಮಾನ್ಯವಾಗಿ ಅಲ್ಲಿಯ ನಿವಾಸಿಗಳೇ ಆಗುತ್ತಾರೆ, ಎಲ್ಲಿಂದ ಬಂದ ಆದಾಯವೂ ಲೆಕ್ಕಕ್ಕೆ ಬರುತ್ತದೆ. ವರ್ಷಕ್ಕೆ ನಲವತ್ತು ವಾರ ಪಾಠ ಎಂದರೆ 2,880 ಡಾಲರ್. ಆದಾಯ ತೆರಿಗೆ ಶುರುವಾಗುವ ಮಟ್ಟ ಅದಕ್ಕಿಂತ ಬಹಳ ಮೇಲಿದೆ. ಗುಂಪು ನಾಲ್ಕಕ್ಕೆ ಏರಿ 5,760 ಡಾಲರ್ ಬಂತೆನ್ನಿ. ಆಗಲೂ ಆದಾಯ ತೆರಿಗೆ ಇಲ್ಲ, ಆದರೆ ಪಿಂಚಣಿ ನಿಧಿಯ ವಂತಿಗೆ ಕೊಡಬೇಕು. ನೌಕರಳಾದರೆ ಅದರ ಅರ್ಧ ಮಾಲೀಕ ಕಟ್ಟುತ್ತಾನೆ, ಸ್ವಂತ ಉದ್ಯೋಗದಲ್ಲಿ ಎರಡೂ ಪಾಲು ತನ್ನದೇ. ಮೊದಲ 3,500 ಡಾಲರ್ ಬಿಟ್ಟು ಉಳಿದದ್ದಕ್ಕೆ ಶೇಕಡಾ 11.9. ಬೇರೆ ಸಂಬಳ ಇಲ್ಲದಿದ್ದರೆ ಸುಮಾರು 269 ಡಾಲರ್. ಜೂಮ್‌ನ ಚಂದಾ, ಪಾಠಕ್ಕೆ ಕೊಂಡ ಪುಸ್ತಕ ಇವನ್ನು ಖರ್ಚಿನಲ್ಲಿ ತೋರಿಸಬಹುದು. ಈ ಮೊತ್ತಕ್ಕಾಗಿ ರಿಟರ್ನ್ ಹಾಕದೆ ಕೂತವರು, ಕಡಿಮೆ ಆದಾಯದವರಿಗೆ ಸರ್ಕಾರ ವಾಪಸ್ ಕೊಡುವ ಮಾರಾಟ ತೆರಿಗೆಯ ಪಾಲನ್ನೂ ಕಳೆದುಕೊಳ್ಳುತ್ತಾರೆ. ಅದು ಎಷ್ಟೋ ಸಲ ಕಟ್ಟಬೇಕಾದದ್ದಕ್ಕಿಂತ ಹೆಚ್ಚಿರುತ್ತದೆ.

ಇದೇ ಹುಡುಗಿ ಕೆನಡಾದ ಬದಲು ಮ್ಯಾಂಚೆಸ್ಟರಿಗೆ ಹೋಗಿದ್ದರೆ ಈ ಪಾಠದ ಒಂದೇ ಒಂದು ತರಗತಿಯನ್ನೂ ಮಾಡುವಂತಿರಲಿಲ್ಲ. ಅಮೆರಿಕಕ್ಕೆ ಹೋಗಿದ್ದರೂ ಅಷ್ಟೆ. ಅಲ್ಲಿ ವಿದ್ಯಾರ್ಥಿಗೆ ತರಗತಿ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ, ಹೊರಗೆ ದುಡಿಯಲು ಪ್ರತ್ಯೇಕ ಅನುಮತಿ ಬೇಕು. ಆ ನೆಲದಲ್ಲಿ ಕೂತು ಫ್ರೀಲಾನ್ಸ್ ಮಾಡಿದ್ದು ಅನುಮತಿ ಇಲ್ಲದ ಉದ್ಯೋಗ ಎನಿಸಿಕೊಳ್ಳುವ ಅಪಾಯ ದೊಡ್ಡದು. ಬ್ಯಾಂಕಿನ ಬಡ್ಡಿ, ಷೇರಿನ ಲಾಭಾಂಶ ಇವು ದುಡಿಮೆಯಲ್ಲ, ಅದಕ್ಕೆ ತಕರಾರಿಲ್ಲ. ಜರ್ಮನಿ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಎಂದು ಗಂಟೆಯ ಬದಲು ದಿನ ಎಣಿಸುತ್ತದೆ, ಆದರೆ ಸ್ವಂತ ಉದ್ಯೋಗಕ್ಕೆ ಊರಿನ ವಿದೇಶಿಯರ ಕಚೇರಿಯಿಂದ ಮೊದಲೇ ಅನುಮತಿ ಪಡೆಯಬೇಕು. ಕೇಳಿದರೆ ಕೊಡುವುದುಂಟು, ಕೇಳದೆ ಮಾಡುವಂತಿಲ್ಲ. ಐರ್ಲೆಂಡ್‌ನಲ್ಲಿ ಸ್ವಂತ ಉದ್ಯೋಗ ಇಲ್ಲ. ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48 ಗಂಟೆ, ಸ್ವಂತ ಕೆಲಸವೂ ಆ 48ರೊಳಗೇ. ಈ ಅಂಕಿಗಳನ್ನು ದೇಶಗಳು ವರ್ಷ ಎರಡು ವರ್ಷಕ್ಕೆ ಬದಲಿಸುತ್ತಲೇ ಇರುತ್ತವೆ. ಹೋದವರ್ಷ ಹೋದ ಚಿಕ್ಕಪ್ಪನ ಮಗ ಹೇಳಿದ್ದಕ್ಕಿಂತ ನಿಮ್ಮ ಪರವಾನಗಿಯ ಮೇಲೆ ಮುದ್ರಿಸಿರುವ ಷರತ್ತನ್ನೂ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನೂ ನಂಬಿ. ಆ ಕಚೇರಿಗೆ ಇಮೇಲ್‌ನಲ್ಲೇ ಕೇಳಿ, ಉತ್ತರ ಇಟ್ಟುಕೊಳ್ಳಿ.

ಗಂಟೆಯ ಮಿತಿಯೇ ಇಲ್ಲದ ಒಂದು ಜಾಗ ಉಳಿದಿದೆ, ಮೈಸೂರು. ಬೇಸಿಗೆ ರಜೆಗೆ ಊರಿಗೆ ಬಂದಾಗ ಕುವೆಂಪುನಗರದ ಮನೆಯ ಮಹಡಿಯಲ್ಲಿ ಕೂತು ಮಾಡುವ ಕೆಲಸ ಭಾರತದಲ್ಲಿ ಭಾರತೀಯರು ಮಾಡುವ ಕೆಲಸ, ಅದಕ್ಕೆ ಹೊರದೇಶದ ಗಂಟೆ ಲೆಕ್ಕ ಅಂಟುವುದಿಲ್ಲ. ಎರಡು ತಿಂಗಳು ಸಿಕ್ಕರೆ ಇಲ್ಲಿಯ ಕಂಪನಿಗೆ ಒಂದು ಪ್ರಾಜೆಕ್ಟು ಮುಗಿಸಿಕೊಡಬಹುದು, ಒಪ್ಪಿಸಿ ದುಡ್ಡು ತೆಗೆದುಕೊಂಡು ಹೋಗಬಹುದು. ಮುಗಿಸಿ ಹೋಗಬೇಕು ಎಂಬುದು ಮುಖ್ಯ. ಅಲ್ಲಿಗೆ ಹೋದ ಮೇಲೆ ‘ಸ್ವಲ್ಪ ತಿದ್ದುಪಡಿ ಇದೆ’ ಎಂದು ಮತ್ತೆ ಲ್ಯಾಪ್‌ಟಾಪ್ ತೆರೆದರೆ ಆ ಹೊತ್ತು ಅಲ್ಲಿಯ ಹೊತ್ತು.

ಹಣ ಎಲ್ಲಿ ಬೀಳಬೇಕು ಎಂಬ ಮಾತಿಗೆ ಬಂದರೆ, ನಮ್ಮ ಮನೆಗಳ ಉತ್ತರ ಸಿದ್ಧವಾಗಿದೆ: ‘ಅಮ್ಮನ ಖಾತೆಗೆ ಹಾಕಿಸು’. ಇದರಿಂದ ದುಡಿದವರು ಬದಲಾಗುವುದಿಲ್ಲ. ವೀಸಾ ಷರತ್ತು ಮುರಿದಿದ್ದರೆ ಮುರಿದಂತೆಯೇ ಇರುತ್ತದೆ, ಮೇಲಾಗಿ ಗೃಹಿಣಿಯಾದ ಅಮ್ಮ ತನ್ನ ಖಾತೆಗೆ ತಿಂಗಳು ತಿಂಗಳು ಯಾವ ಕಂಪನಿಯಿಂದ ಶುಲ್ಕ ಬರುತ್ತಿದೆ ಎಂದು ಆದಾಯ ತೆರಿಗೆಯವರಿಗೆ ವಿವರಿಸಬೇಕಾಗುತ್ತದೆ. ತಮ್ಮ ಹಳೆಯ ಉಳಿತಾಯ ಖಾತೆಯನ್ನೇ ಬಳಸುವವರಿಗೂ ಒಂದು ಮಾತು. ಓದಲು ಹೊರದೇಶಕ್ಕೆ ಹೋದವರನ್ನು ವಿದೇಶಿ ವಿನಿಮಯ ಕಾಯ್ದೆಯ ಮಟ್ಟಿಗೆ ಅನಿವಾಸಿ ಭಾರತೀಯರೆಂದೇ ಪರಿಗಣಿಸುವುದಾಗಿ ರಿಸರ್ವ್ ಬ್ಯಾಂಕ್ 2003ರಲ್ಲೇ ಹೇಳಿದೆ. ಹಾಗಾಗಿ ಹೋದ ಮೇಲೆ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್.ಆರ್.ಒ. ಖಾತೆಯಾಗಿ ಬದಲಿಸಿಕೊಳ್ಳಬೇಕು. ನಮ್ಮೂರಿನ ಎಷ್ಟೋ ಮನೆಗಳು ಇದನ್ನು ಮಾಡಿಯೇ ಇಲ್ಲ. ಬ್ಯಾಂಕಿಗೆ ಹೋಗಿ ಒಂದು ಫಾರಂ ತುಂಬುವಷ್ಟರ ಕೆಲಸ.

ಕೊನೆಯದಾಗಿ, ಕೆಲಸದ ವೇಷದಲ್ಲಿ ಬರುವ ಕಳ್ಳತನ. ವಿದ್ಯಾರ್ಥಿಗಳ ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿ ಎರಡು ಬಗೆ ಓಡಾಡುತ್ತವೆ. ಒಂದು, ವಿಡಿಯೋ ಲೈಕ್ ಮಾಡು, ಹೋಟೆಲಿಗೆ ಐದು ನಕ್ಷತ್ರ ಕೊಡು ಎಂಬುದು. ಮೊದಲ ದಿನ ನಿಜವಾಗಿಯೂ ನೂರಿನ್ನೂರು ರೂಪಾಯಿ ಬರುತ್ತದೆ, ಮೂರನೆಯ ದಿನ ‘ಮೇಲಿನ ಹಂತ’ಕ್ಕೆ ನೀವೇ ಹಣ ಕಟ್ಟಬೇಕು ಎನ್ನುತ್ತಾರೆ. ಕೆಲಸ ಕೊಡುವವನು ಕೆಲಸದವನಿಂದ ದುಡ್ಡು ಕೇಳಿದ ಕ್ಷಣಕ್ಕೆ ಅದು ಮೋಸವೆಂದು ತಿಳಿಯಬಹುದು. ಇದರಲ್ಲಿ ಹೋಗುವುದು ದುಡ್ಡು ಮಾತ್ರ.

ಎರಡನೆಯದರಲ್ಲಿ ಹೋಗುವುದು ಹೆಸರು. ‘ಪಾವತಿ ಸಹಾಯಕ’ ಎಂಬ ಆನ್‌ಲೈನ್ ಕೆಲಸ. ನಿಮ್ಮ ಖಾತೆಗೆ 2,000 ಪೌಂಡ್ ಬರುತ್ತದೆ, 200 ಇಟ್ಟುಕೊಂಡು ಉಳಿದದ್ದನ್ನು ಅವರು ಹೇಳಿದ ಖಾತೆಗೆ ದಾಟಿಸಿದರೆ ಆಯಿತು. ವಾರಕ್ಕೆ ಹತ್ತು ನಿಮಿಷದ ಕೆಲಸ, ಗಂಟೆಯ ಮಿತಿಗೂ ತಾಗುವುದಿಲ್ಲ. ಆ 2,000 ಯಾರದೋ ಖಾತೆಯಿಂದ ಕದ್ದದ್ದು. ದಾಟಿಸಿದವರು ಹಣ ಸಾಗಿಸಿದ ಅಪರಾಧಿಗಳಾಗುತ್ತಾರೆ. ಬ್ರಿಟನ್ನಿನಲ್ಲಿ ಇಂಥವರ ಹೆಸರು ಸಿಫಾಸ್ ಎಂಬ ವಂಚನೆ ದಾಖಲೆಯಲ್ಲಿ ಆರು ವರ್ಷ ಉಳಿಯಬಹುದು. ಬ್ಯಾಂಕು ಖಾತೆ ಮುಚ್ಚುತ್ತದೆ, ಬೇರೆ ಬ್ಯಾಂಕು ತೆರೆಯುವುದಿಲ್ಲ, ಖಾತೆ ಇಲ್ಲದೆ ಸಂಬಳ ಪಡೆಯುವುದು, ಬಾಡಿಗೆ ಕಟ್ಟುವುದು ಎಲ್ಲವೂ ಕಷ್ಟ. ಊರಿಗೆ ಹೊರಟು ನಿಂತ ವಿದ್ಯಾರ್ಥಿಗಳ ಹತ್ತಿರ ‘ಹೇಗೂ ಹೋಗುತ್ತಿದ್ದೀಯ, ನಿನ್ನ ಖಾತೆ, ಕಾರ್ಡು ನನಗೆ ಮಾರಿಬಿಡು’ ಎಂದು ಕೇಳುವವರೂ ಇದೇ ಜಾಲದವರು. ಪರಿಚಯವಿಲ್ಲದ ಹಣ ಖಾತೆಗೆ ಈಗಾಗಲೇ ಬಂದು ಬಿದ್ದಿದ್ದರೆ ಅದನ್ನು ಮುಟ್ಟಬಾರದು. ಕಳಿಸಿದವರು ಫೋನ್ ಮಾಡಿ ‘ತಪ್ಪಿ ಬಂತು, ಈ ಖಾತೆಗೆ ವಾಪಸ್ ಹಾಕು’ ಎಂದು ಗೋಗರೆದರೂ, ಬೆದರಿಸಿದರೂ ಹಾಕಬಾರದು. ಕಾರ್ಡಿನ ಹಿಂದೆ ಇರುವ ನಂಬರಿಗೆ ತಾವೇ ಕರೆ ಮಾಡಿ ಬ್ಯಾಂಕಿಗೆ ಹೇಳಿ, ಅವರು ವಾಪಸ್ ಕಳಿಸುವವರೆಗೆ ಹಣ ಇದ್ದಲ್ಲೇ ಇರಲಿ.